ಮಗಾರಿ ಅಂದರೆ ಹೌದೋ, ಅಲ್ಲವೋ?

ಇಟಲಿಯಲ್ಲಿ ಯಾರನ್ನಾದರೂ ‘ಕಾಫಿ ಕುಡೀತೀರಾ?’ ಎಂದು ಕೇಳಿ. ಅವರು ‘ಮಗಾರಿ!’ ಅಂದರೆ ಹೋಗಿ ಕಾಫಿ ತರಬೇಕು. ಅದೇ ಮನುಷ್ಯರನ್ನು ‘ಈ ಮನೆ ನಿಮ್ಮ ಸ್ವಂತದ್ದಾ?’ ಎಂದು ಕೇಳಿ. ಮತ್ತೆ ‘ಮಗಾರಿ!’ ಅಂದರೆ ಮನೆ ಅವರದಲ್ಲ, ಬಾಡಿಗೆಯದು ಎಂದರ್ಥ. ‘ನಾಳೆ ಸಂಜೆ ಈ ಕಡೆ ಬರ್ತೀರಾ?’ ಎಂದಾಗ ದನಿ ತಗ್ಗಿಸಿ ‘ಮಗಾರಿ...’ ಎಂದರೋ, ಬಂದರೂ ಬಂದಾರು, ಬಾರದೆಯೂ ಇದ್ದಾರು. ಪದ ಒಂದೇ, ಉಚ್ಚಾರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಆದರೆ ಉತ್ತರ ಒಮ್ಮೆ ಹೌದು, ಒಮ್ಮೆ ಅಲ್ಲ, ಒಮ್ಮೆ ನೋಡೋಣ.

ಇಟಾಲಿಯನ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಈ ಪದದ ಮುಂದೆ ನಿಂತು ನಿಘಂಟು ತೆರೆಯುತ್ತಾರೆ. ಅಲ್ಲಿ ‘ಹಾಗಾಗಿದ್ದರೆ ಎಷ್ಟು ಚೆನ್ನಿತ್ತು’, ‘ಬಹುಶಃ’, ‘ಹಾಗಾದರೂ ಸರಿ’, ‘ಕೂಡ’ ಎಂಬಂಥ ಮೂರು ನಾಲ್ಕು ಅರ್ಥಗಳಿರುತ್ತವೆ. ಯಾವುದೂ ತಪ್ಪಲ್ಲ. ಆದರೆ ಕಾಫಿಯ ಪ್ರಶ್ನೆಗೆ ಯಾವುದನ್ನು ಹಚ್ಚಬೇಕು, ಮನೆಯ ಪ್ರಶ್ನೆಗೆ ಯಾವುದನ್ನು ಎಂದು ತಿಳಿಯುವುದಿಲ್ಲ. ಇದು ನಿಘಂಟಿನ ಸೋಮಾರಿತನ ಅಂತ ನನಗೆ ಅನ್ನಿಸುವುದಿಲ್ಲ. ನಿಘಂಟು ಪದವನ್ನು ಒಂಟಿಯಾಗಿ ನಿಲ್ಲಿಸಿಕೊಂಡು ನೋಡುತ್ತದೆ. ಮಗಾರಿಯ ಅರ್ಥ ಅದರ ಹಿಂದೆ ಬಂದ ಪ್ರಶ್ನೆಯಲ್ಲಿ, ಮುಂದೆ ಬರುವ ಕ್ರಿಯಾಪದದಲ್ಲಿ ಮತ್ತು ಹೇಳಿದವರ ದನಿಯಲ್ಲಿ ಹಂಚಿಹೋಗಿದೆ.

ಪದದ ಬೇರು ಹುಡುಕಿದರೆ ಅರ್ಧ ಗೊಂದಲ ಕರಗುತ್ತದೆ. ಇದು ಗ್ರೀಕ್‌ನಿಂದ ಬಂದದ್ದು. ಗ್ರೀಕ್‌ನಲ್ಲಿ ‘ಮಕಾರಿಯೊಸ್’ ಎಂದರೆ ಭಾಗ್ಯವಂತ, ಧನ್ಯ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ, ಯೇಸುವಿನ ಪರ್ವತಪ್ರಸಂಗದಲ್ಲಿ, ಕನ್ನಡ ಬೈಬಲ್ ಸಾಲುಸಾಲಾಗಿ ‘ಧನ್ಯರು’ ಎನ್ನುವ ಕಡೆಗಳಲ್ಲೆಲ್ಲ ಗ್ರೀಕ್ ಮೂಲದಲ್ಲಿರುವುದು ಇದೇ ಪದದ ಬಹುವಚನ. ಸೈಪ್ರಸ್ ದೇಶದ ಮೊದಲ ಅಧ್ಯಕ್ಷ ಆರ್ಚ್‌ಬಿಷಪ್ ಮಕಾರಿಯೊಸ್ ಅವರ ಹೆಸರು ಹಿರಿಯ ಓದುಗರಿಗೆ ನೆನಪಿರಬಹುದು, ಆ ಹೆಸರೂ ಇದೇ. ಯಾರನ್ನಾದರೂ ‘ಎಲೈ ಭಾಗ್ಯವಂತನೇ’ ಎಂದು ಕರೆಯುವ ಸಂಬೋಧನಾ ರೂಪ ‘ಮಕಾರಿಯೆ’. ಅದು ಬಾಯಿಂದ ಬಾಯಿಗೆ ಸವೆದು, ಕರೆಯುವ ಮಾತು ಹೋಗಿ, ಹಾರೈಕೆಯ ಉದ್ಗಾರವಾಯಿತು.

ದಕ್ಷಿಣ ಇಟಲಿ ಮತ್ತು ಸಿಸಿಲಿಯಲ್ಲಿ ಬಿಜಾಂಟಿಯಂನ ಗ್ರೀಕರು ಶತಮಾನಗಳ ಕಾಲ ಆಳಿದ್ದರು. 1071ರಲ್ಲಿ ಬಾರಿ ಪಟ್ಟಣ ನಾರ್ಮನ್ನರ ಕೈ ಸೇರುವುದರೊಂದಿಗೆ ಅವರ ಆಳ್ವಿಕೆ ಮುಗಿಯಿತು. ಗ್ರೀಕ್ ಮಾತು ಮಾತ್ರ ಪೂರ್ತಿ ಹೋಗಲಿಲ್ಲ. ಸಲೆಂತೊ ಮತ್ತು ಕಲಾಬ್ರಿಯಾದ ಕೆಲವು ಹಳ್ಳಿಗಳಲ್ಲಿ ಗ್ರೀಕ್‌ನದೇ ಒಂದು ರೂಪವನ್ನು ಆಡುವ ಹಿರಿಯರು ಈಗಲೂ ಇದ್ದಾರೆ. ಹದಿಮೂರನೆಯ ಶತಮಾನದ ಸಿಸಿಲಿಯ ಕವಿ ಚಿಯೆಲೊ ದಾಲ್ಕಮೊನ ಹೆಸರಿನಲ್ಲಿ ಬಂದಿರುವ ಕವಿತೆಯಲ್ಲಿ ‘ಮಕಾರ’ ಎಂಬ ರೂಪ ಹಾರೈಕೆಯ ಅರ್ಥದಲ್ಲೇ ಬಳಕೆಯಾಗಿದೆ. ಇಂದಿನ ಗ್ರೀಕರು ಕೂಡ ‘ಮಕಾರಿ’ ಎಂದೇ ಹಾರೈಸುತ್ತಾರೆ. ಹೀಗಾಗಿ ಅಥೆನ್ಸಿನಿಂದ ಬಂದವರಿಗೆ ರೋಮಿನ ಮಗಾರಿ ಹೊಸದೆನ್ನಿಸುವುದಿಲ್ಲ. ನಮಗೆ ಕಿವಿಗೆ ಬೀಳುವ ಹಿಂದಿಯ ‘ಮಗರ್’ ಮಾತ್ರ ಈ ಮನೆತನದ್ದಲ್ಲ, ಅದು ಪರ್ಷಿಯನ್‌ನಿಂದ ಬಂದದ್ದು.

ಹುಟ್ಟಿನಿಂದ ಬಂದ ಈ ಹಾರೈಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲಿನ ಮೂರು ಪ್ರಶ್ನೆಗಳಿಗೆ ಮರಳೋಣ. ಮಗಾರಿ ಎಂದವರು ಪ್ರತಿ ಸಲವೂ ಹೇಳಿದ್ದು ‘ಹಾಗಾಗಲಿ ಎಂಬ ಆಸೆ ನನಗಿದೆ’ ಎಂದಷ್ಟೇ. ಆ ಆಸೆ ಈಡೇರುವುದು ಯಾರ ಕೈಯಲ್ಲಿದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಕಾಫಿ ಕೊಡುವುದು ಕೇಳಿದವರ ಕೈಯಲ್ಲಿದೆ. ಆದ್ದರಿಂದ ಆಸೆ ತೋರಿಸಿದರೆ ಒಪ್ಪಿಕೊಂಡಂತೆಯೇ: ‘ಕೊಟ್ಟರೆ ಪುಣ್ಯ ಬರುತ್ತೆ.’ ಮನೆ ಸ್ವಂತದ್ದೇ ಎಂಬುದು ಆಗಲೇ ತೀರ್ಮಾನವಾಗಿರುವ ಸಂಗತಿ. ಇರುವ ಸಂಗತಿಗೆ ಯಾರೂ ಆಸೆಪಡುವುದಿಲ್ಲ, ಆದ್ದರಿಂದ ಆಸೆ ತೋರಿಸಿದರೆ ಇಲ್ಲ ಎಂದಂತೆ. ‘ಅಯ್ಯೋ, ಆ ಭಾಗ್ಯ ಎಲ್ಲಿ ಬರಬೇಕು!’ ಎಂದು ನಾವು ಹೇಳುವುದಿಲ್ಲವೇ? ಗ್ರೀಕರ ಭಾಗ್ಯವಂತ ಇಟಲಿಯಲ್ಲಿ ಉದ್ಗಾರವಾಗಿದ್ದರೆ, ಕನ್ನಡದಲ್ಲಿ ಅದೇ ಜಾಗದಲ್ಲಿ ಭಾಗ್ಯವೇ ಕೂತಿದೆ. ಮನೆಯ ಪ್ರಶ್ನೆಗೆ ಬಂದ ಮಗಾರಿಗೆ ಇಷ್ಟು ಚೆನ್ನಾಗಿ ಒಪ್ಪುವ ಮಾತು ಇಂಗ್ಲಿಷ್‌ನಲ್ಲಿ ಇಲ್ಲ ಎಂದೇ ನನ್ನ ಎಣಿಕೆ.

ಹಾಗಾದರೆ ಸೂತ್ರ ಸರಳವಾಯಿತು: ಏನನ್ನಾದರೂ ಕೊಡುತ್ತೇನೆ, ಮಾಡುತ್ತೇನೆ ಎಂದು ಕೇಳಿದಾಗ ಬಂದ ಮಗಾರಿ ಹೌದು, ಇರುವ ಸಂಗತಿಯನ್ನು ಕೇಳಿದಾಗ ಬಂದದ್ದು ಅಲ್ಲ. ಆದರೆ ಎರಡರ ನಡುವೆ ಬೀಳುವ ಪ್ರಶ್ನೆಗಳಿವೆ. ‘ಶನಿವಾರ ನಮ್ಮ ಜೊತೆ ಸಮುದ್ರಕ್ಕೆ ಬರ್ತೀಯಾ?’ ಎಂದು ಗೆಳತಿಯನ್ನು ಕೇಳಿದಾಗ ಅವಳು ‘ಮಗಾರಿ!’ ಅಂದಳು ಅನ್ನಿ. ಕರೆದವರು ಕಾರಿನಲ್ಲಿ ಜಾಗ ಇಟ್ಟುಕೊಂಡಿದ್ದಾರೆ, ಆ ಮಟ್ಟಿಗೆ ಇದು ಕಾಫಿಯ ಪ್ರಶ್ನೆ. ಶನಿವಾರ ಅವಳಿಗೆ ಬಿಡುವಿದೆಯೇ ಎಂಬುದು ಅವಳ ಬದುಕಿನ ಸಂಗತಿ, ಆ ಮಟ್ಟಿಗೆ ಇದು ಮನೆಯ ಪ್ರಶ್ನೆ. ಇಲ್ಲಿ ಇಟಲಿಯವರೇ ಆದರೂ ಮುಂದಿನ ವಾಕ್ಯಕ್ಕೆ ಕಾಯುತ್ತಾರೆ. ‘ಎಷ್ಟು ಗಂಟೆಗೆ ಹೊರಡೋದು?’ ಎಂದು ಬಂದರೆ ಬರುತ್ತಾಳೆ. ‘ಮಾ’, ಅಂದರೆ ‘ಆದರೆ’ ಎಂದು ಶುರುವಾದರೆ ಸೋಮವಾರದ ಪರೀಕ್ಷೆಯ ಕತೆ ಬರಲಿದೆ. ಹೊಸಬರು ಮೊದಲ ಪದಕ್ಕೇ ಖುಷಿಪಟ್ಟು ಇವರು ಬಂದೇ ಬರುತ್ತಾರೆ ಎಂದುಕೊಳ್ಳುವುದು ಇಲ್ಲೇ.

ಮಗಾರಿ ವಾಕ್ಯದೊಳಗೆ ಬಂದಾಗ ಅರ್ಥ ಹೇಳುವುದು ಕ್ರಿಯಾಪದ. ಒಂದೇ ಒಂದು ಜೋಡಿ ನೋಡಿದರೆ ಸಾಕು. ‘ಮಗಾರಿ ಪ್ಯೊವೆಸ್ಸೆ’ ಎಂಬುದು ಒಂದು, ‘ಮಗಾರಿ ಪ್ಯೋವೆ’ ಎಂಬುದು ಇನ್ನೊಂದು. ಎರಡರಲ್ಲೂ ಇರುವುದು ಮಗಾರಿ ಮತ್ತು ಮಳೆ. 2022ರ ಬೇಸಿಗೆಯಲ್ಲಿ ಪೊ ನದಿ ಬತ್ತಿ, ಉತ್ತರ ಇಟಲಿಯ ಭತ್ತದ ಗದ್ದೆಗಳು ಒಣಗಿ ಬಿರುಕು ಬಿಟ್ಟಿದ್ದವು. ಆ ಗದ್ದೆಯ ಬದುವಿನ ಮೇಲೆ ನಿಂತ ರೈತ ಹೇಳುವುದು ಮೊದಲನೆಯದನ್ನು: ‘ಒಂದು ಮಳೆ ಬರಬಾರದೇ!’ ಮಗಳು ಕೊಡೆ ಬಿಟ್ಟು ಹೊರಟಾಗ ಬಾಗಿಲಲ್ಲಿ ನಿಂತ ತಾಯಿ ಹೇಳುವುದು ಎರಡನೆಯದನ್ನು: ‘ಕೊಡೆ ತಗೋ, ಮಳೆ ಬಂದರೂ ಬಂದೀತು.’ ಮೊದಲನೆಯದರಲ್ಲಿ ಕ್ರಿಯಾಪದ, ನಡೆಯದ ಸಂಗತಿಯನ್ನು ಬಯಸುವಾಗ ಬಳಸುವ ರೂಪದಲ್ಲಿದೆ. ಇಟಾಲಿಯನ್ ವ್ಯಾಕರಣ ಅದನ್ನು ‘ಕೊಂಜುಂತಿವೊ’ ಎನ್ನುತ್ತದೆ. ಎರಡನೆಯದರಲ್ಲಿ ಇರುವುದು ಮಾಮೂಲಿ ವರ್ತಮಾನ ರೂಪ.

ಹಾರೈಕೆ ಕಳೆದುಹೋದ ಕಾಲದ್ದಾದರೆ ಕ್ರಿಯಾಪದ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ‘ಮಗಾರಿ ಲವೆಸ್ಸಿ ಸಪೂತೊ’ ಎಂದರೆ ‘ನನಗೆ ಗೊತ್ತಿದ್ದಿದ್ದರೆ!’ ಕನ್ನಡದ ‘ಗೊತ್ತಿದ್ದಿದ್ದರೆ’ಯಲ್ಲಿ ‘ಇದ್ದು’ ಎರಡು ಸಲ ಬಂದು ಹತಾಶೆಯನ್ನು ಹೇಗೆ ಹೊರುತ್ತದೋ, ಅದೇ ಕೆಲಸವನ್ನು ಅಲ್ಲಿ ಕ್ರಿಯಾಪದದ ರೂಪ ಮಾಡುತ್ತದೆ.

ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲಿ. ‘ನಾನು ಇಟಲಿಗೆ ಬರುವಂತಿದ್ದರೆ!’ ಎಂಬ ಆಸೆಯನ್ನು ಹೇಳಲು ‘ಮಗಾರಿ ವೆಂಗೊ’ ಎನ್ನುತ್ತಾರೆ. ಕೇಳಿದವರಿಗೆ ಅದು ‘ಬಂದರೂ ಬಂದೇನು’ ಎಂದು ಕೇಳಿಸುತ್ತದೆ. ಅಷ್ಟೇನೂ ಉತ್ಸಾಹವಿಲ್ಲದ ಮಾತಾಗಿಬಿಡುತ್ತದೆ. ಹೇಳಬೇಕಾದದ್ದು ‘ಮಗಾರಿ ಪೊತೆಸ್ಸಿ ವೆನೀರೆ’, ಬರಲು ಸಾಧ್ಯವಾಗಿದ್ದರೆ ಎಂದು. ದನಿಯೂ ಬೇರೆ. ಹಾರೈಕೆಯ ಮಗಾರಿಯಲ್ಲಿ ‘ಗಾ’ ಎತ್ತರಕ್ಕೆ ಏರಿ ಉದ್ದಕ್ಕೆ ಎಳೆಯುತ್ತದೆ. ಸಾಧ್ಯತೆಯ ಮಗಾರಿ ವಾಕ್ಯದ ಜೊತೆ ಸಮನಾಗಿ, ಅವಸರದಲ್ಲಿ ಸಾಗಿಬಿಡುತ್ತದೆ.

‘ಬಹುಶಃ’ ಎನ್ನಲು ಇಟಾಲಿಯನ್‌ನಲ್ಲಿ ‘ಫೋರ್ಸೆ’ ಎಂಬ ಬೇರೊಂದು ಪದ ಇದ್ದೇ ಇದೆ. ಹಾಗಿದ್ದೂ ತಾಯಿ ಬಾಗಿಲಲ್ಲಿ ಮಗಾರಿ ಎಂದೇಕೆ ಅನ್ನುತ್ತಾಳೆ? ಫೋರ್ಸೆ ಬರಿಯ ಅಂದಾಜು, ಅದರಲ್ಲಿ ಯಾರ ಮನಸ್ಸೂ ಇಲ್ಲ. ಮಗಾರಿ ಎಂದಾಗ ಆ ಸಾಧ್ಯತೆಯನ್ನು ಎದುರಿಗಿದ್ದವರ ಮುಂದೆ ಇಟ್ಟು ‘ಇದನ್ನೂ ಒಂಚೂರು ಯೋಚಿಸು’ ಎಂದಂತೆ. ಹಾರೈಕೆ ತೆಳುವಾಗಿದೆ, ಆದರೆ ಪೂರ್ತಿ ಆರಿಲ್ಲ. ನಮ್ಮಲ್ಲಿ ‘ಬಹುಶಃ ಮಳೆ ಬರುತ್ತದೆ’ ಎಂಬುದಕ್ಕೂ ‘ಮಳೆ ಬಂದೀತು’ ಎಂಬುದಕ್ಕೂ ಇರುವ ಅಂತರ ಇದಕ್ಕೆ ಹತ್ತಿರದ್ದು. ಬಂದೀತು, ಬಿದ್ದಾನು, ಮರೆತೇನು ಎಂಬ ಸಂಭಾವನಾ ರೂಪಗಳು ಪಟ್ಟಣದ ಕನ್ನಡದಿಂದ ಮರೆಯಾಗುತ್ತಿವೆ. ಇಟಾಲಿಯನ್ ಅನುವಾದಿಸುವವರಿಗೆ ಅವು ಬೇಕೇ ಬೇಕು.

ಇದೇ ಗುಣದಿಂದ ಮಗಾರಿ ಕಚೇರಿಯ ಮಾತಿನಲ್ಲಿ ಮೆತ್ತಗಿನ ಹೊದಿಕೆಯಾಗಿದೆ. ಟ್ಯೂರಿನ್‌ನ ಕಚೇರಿಯಿಂದ ಬೆಂಗಳೂರಿನ ಎಂಜಿನಿಯರಿಗೆ ‘ಮಗಾರಿ ಮುಂದಿನ ವಾರ ಮಾತಾಡೋಣ’ ಎಂದು ಮೇಲ್ ಬಂದರೆ ಅದು ಗೊತ್ತುಮಾಡಿದ ಸಭೆಯಲ್ಲ. ದಿನ, ಗಂಟೆ ಬರೆದಿಲ್ಲವಾದರೆ ಕಾಯುತ್ತಾ ಕೂರಬಾರದು, ನಾವೇ ಒಂದು ದಿನ ಸೂಚಿಸಬೇಕು. ‘ಮಗಾರಿ ಮುಂದಿನ ಸಲ ಮೊದಲೇ ತಿಳಿಸಿ’ ಎಂದು ಮೇಲಧಿಕಾರಿ ಬರೆದರೆ ಅದನ್ನು ಸಲಹೆ ಎಂದುಕೊಳ್ಳುವುದೂ ತಪ್ಪು. ಅದು ಬೈಗುಳ, ಮೆಲುದನಿಯಲ್ಲಿ. ನಿಘಂಟಿನ ‘ಬಹುಶಃ’ ಹಿಡಿದು ಹೊರಟವರಿಗೆ ಈ ಎರಡೂ ಕೈತಪ್ಪುತ್ತವೆ.

ದಕ್ಷಿಣಕ್ಕೆ ಇಳಿದರೆ ಪದದ ಇನ್ನೊಂದು ಮುಖ ಕಾಣುತ್ತದೆ. ‘ಈ ಕೆಲಸವನ್ನು ಮಗಾರಿ ದುಡ್ಡಿಲ್ಲದೆ ಮಾಡಿಯೇನು’ ಎಂಬಂಥ ವಾಕ್ಯದಲ್ಲಿ ಅರ್ಥ ‘ದುಡ್ಡಿಲ್ಲದಿದ್ದರೂ ಸರಿ’ ಎಂದಾಗುತ್ತದೆ. ‘ಆದರೂ ಸರಿ’ಯಿಂದ ‘ಅದು ಕೂಡ’ಕ್ಕೆ ಒಂದೇ ಹೆಜ್ಜೆ. ಸಿಸಿಲಿಯ ಮಾತು ಆ ಹೆಜ್ಜೆಯನ್ನೂ ಇಟ್ಟಿದೆ. ಅಲ್ಲಿ ‘ಮಕಾರಿ’ ಎಂದರೆ ‘ಕೂಡ’. ಆಂದ್ರೆಯಾ ಕಮಿಲ್ಲೆರಿ ತಮ್ಮ ಪೊಲೀಸ್ ಅಧಿಕಾರಿ ಮೊಂತಲ್ಬಾನೊನ ಕಾದಂಬರಿಗಳನ್ನು 1994ರಿಂದ ಬರೆಯತೊಡಗಿದಾಗ, ಸಿಸಿಲಿಯ ಮಾತನ್ನು ಇಟಾಲಿಯನ್ ಜೊತೆ ಬೆರೆಸಿದ ಭಾಷೆ ಬಳಸಿದರು. ಮಕಾರಿ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಮಿಲಾನಿನ ಓದುಗ ಅಲ್ಲಿ ಹಾರೈಕೆ ಹುಡುಕಿದರೆ ಕೆಟ್ಟ. ‘ನಾನೂ ಬರ್ತೀನಿ’ ಎಂಬ ಸಾದಾ ಮಾತು ಅವನಿಗೆ ‘ನಾನು ಬರುವಂತಿದ್ದರೆ’ ಎಂದು ಕೇಳಿಸುತ್ತದೆ.

ಇನ್ನು ‘ಬೊ’. ಬರೆಯುವಾಗ ಇಟಾಲಿಯನ್ನರು ಕೊನೆಗೆ ಒಂದು ‘ಹ್’ ಅಕ್ಷರ ಸೇರಿಸುತ್ತಾರೆ, ಉಚ್ಚರಿಸುವುದಿಲ್ಲ. ಇದು ಉದ್ಗಾರ ಎಂದು ಕಣ್ಣಿಗೆ ತಿಳಿಸುವ ಗುರುತು ಅಷ್ಟೇ. ‘ನನ್ನ ಬೀಗದ ಕೈ ಎಲ್ಲಿ?’ ‘ಬೊ.’ ‘ರೈಲು ಯಾಕೆ ನಿಂತಿದೆ?’ ‘ಬೊ.’ ನಿಘಂಟು ‘ನನಗೆ ಗೊತ್ತಿಲ್ಲ’ ಎಂದು ಅರ್ಥ ಕೊಡುತ್ತದೆ. ‘ನನಗೆ ಗೊತ್ತಿಲ್ಲ’ ಎನ್ನಲು ಇಟಾಲಿಯನ್‌ನಲ್ಲಿ ‘ನೊನ್ ಲೊ ಸೊ’ ಎಂಬ ಪೂರ್ಣ ವಾಕ್ಯವಿದೆ. ಅದನ್ನು ಹೇಳಿದವರು ಉತ್ತರ ಕೊಡುವ ಹೊಣೆ ಹೊತ್ತಿದ್ದಾರೆ. ವಿಚಾರಿಸಿ ಹೇಳುತ್ತೇನೆ ಎಂದು ಮುಂದುವರಿಸಲೂಬಹುದು. ಬೊ ಎಂದವರು ವಿಷಯವನ್ನು ಕೆಳಗಿಟ್ಟುಬಿಟ್ಟಿದ್ದಾರೆ. ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಕಾಣುತ್ತಿಲ್ಲ, ಅದಕ್ಕಾಗಿ ತಲೆ ಕೆಡಿಸಿಕೊಳ್ಳುವುದೂ ಇಲ್ಲ. ನಮ್ಮ ‘ಏನೋಪ್ಪ’, ‘ಯಾರಿಗ್ಗೊತ್ತು’ ಇದಕ್ಕೆ ಬಹಳ ಹತ್ತಿರ.

ಉದ್ಗಾರಗಳ ಬಗ್ಗೆ 1981ರಲ್ಲಿ ಒಂದು ಇಡೀ ಪುಸ್ತಕ ಬರೆದ ಇಸಬೆಲ್ಲಾ ಪೊಜ್ಜಿ ಎಂಬ ವಿದ್ವಾಂಸೆ, ಉದ್ಗಾರವೆಂಬುದು ಪದದ ವೇಷದಲ್ಲಿರುವ ವಾಕ್ಯ ಎಂಬ ನೋಟದಿಂದ ಇದನ್ನು ವಿವರಿಸುತ್ತಾರೆ. ಬೊ ಎಂಬುದರೊಳಗೆ ಕರ್ತೃ, ಕ್ರಿಯೆ, ಹೇಳುವವರ ಧೋರಣೆ ಎಲ್ಲವೂ ಅಡಗಿವೆ. ಆದರೆ ಅದನ್ನು ಬಿಡಿಸಲು ಬರುವುದಿಲ್ಲ. ‘ಅವನಿಗೆ ಗೊತ್ತಿಲ್ಲ’, ‘ನನಗೆ ನಿನ್ನೆ ಗೊತ್ತಿರಲಿಲ್ಲ’ ಎನ್ನಬಹುದು. ಬೊ ಮಾತ್ರ ಯಾವಾಗಲೂ ನನ್ನದು, ಯಾವಾಗಲೂ ಈ ಕ್ಷಣದ್ದು. ಇನ್ನೊಬ್ಬರ ಪರವಾಗಿ, ಕಳೆದ ವಾರದ ಲೆಕ್ಕದಲ್ಲಿ ಬೊ ಎನ್ನಲಾಗದು. ಪದಕ್ಕೆ ಎದುರು ಪದ ಇಡುವ ನಿಘಂಟಿನ ಪದ್ಧತಿ ಸೋಲುವುದು ಇದರಿಂದಲೇ.

ಪಕ್ಕದಲ್ಲೇ ‘ಮಾ’ ಎಂಬ ಉದ್ಗಾರವಿದೆ. ‘ಆದರೆ’ ಎಂಬ ಅರ್ಥದ ಮಾ ಪದದಿಂದಲೇ ಅದು ಹುಟ್ಟಿದೆ, ಬರೆಯುವಾಗ ಕೊನೆಗೆ ಅದೇ ಮೂಕ ‘ಹ್’. ಹೊಸ ಸಿನಿಮಾ ಹೇಗಿದೆ ಎಂದು ಕೇಳಿದಾಗ ಬೊ ಎಂದರೆ ಅವರು ನೋಡಿಲ್ಲ. ಮಾ ಎಂದರೆ ನೋಡಿದ್ದಾರೆ, ಮೆಚ್ಚಲೋ ಬೇಡವೋ ಎಂದು ತೂಗಿದ್ದಾರೆ, ತಕ್ಕಡಿ ನಿಂತಿಲ್ಲ. ಮೊದಲನೆಯವರನ್ನು ಇನ್ನೇನೂ ಕೇಳಿ ಫಲವಿಲ್ಲ. ಎರಡನೆಯವರನ್ನು ‘ಯಾಕೆ?’ ಎಂದು ಕೇಳಿದರೆ ಅರ್ಧ ಗಂಟೆಯ ಮಾತು ಸಿಗುತ್ತದೆ.

ಬೊ ಎನ್ನುವಾಗ ಬಾಯಿ ಒಂದೇ ಮಾತಾಡುವುದಿಲ್ಲ. ಭುಜ ಮೇಲೇರುತ್ತದೆ, ಹುಬ್ಬು ಎತ್ತುತ್ತದೆ, ತುಟಿಯ ಎರಡೂ ಅಂಚು ಕೆಳಗಿಳಿಯುತ್ತವೆ. ಎಷ್ಟೋ ಸಲ ಮಾತು ಬಿಟ್ಟುಹೋಗಿ ಇಷ್ಟೇ ಉಳಿಯುತ್ತದೆ. ನೇಪಲ್ಸ್ ಜನರ ಸನ್ನೆಗಳ ಬಗ್ಗೆ ಆಂದ್ರೆಯಾ ದೆ ಯೋರಿಯೊ ಎಂಬ ಪಾದ್ರಿ 1832ರಲ್ಲೇ ದೊಡ್ಡ ಪುಸ್ತಕ ಬರೆದಿದ್ದರು. ಅದರ ಜಾಡಿನಲ್ಲಿ ಕಲಾವಿದ ಬ್ರೂನೊ ಮುನಾರಿ ಇಟಾಲಿಯನ್ನರ ಸನ್ನೆಗಳನ್ನು ಫೋಟೊಗಳಲ್ಲಿ ಹಿಡಿದು ಒಂದು ಚಿಕ್ಕ ಪುಸ್ತಕ ಮಾಡಿದರು. ಅದಕ್ಕೆ ಅವರು ಇಟ್ಟ ಹೆಸರು ‘ಇಟಾಲಿಯನ್ ನಿಘಂಟಿಗೆ ಪುರವಣಿ’. ಅಚ್ಚಿನ ನಿಘಂಟು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಆ ಶೀರ್ಷಿಕೆಗಿಂತ ಸ್ಪಷ್ಟವಾಗಿ ಯಾರೂ ಹೇಳಿಲ್ಲ.

ಬೊಗೆ ಇನ್ನೊಂದು ಮಿತಿಯಿದೆ. ಮನೆಯವರ ಜೊತೆ, ಗೆಳೆಯರ ಜೊತೆ ಅದು ಸಲೀಸು. ಮೇಷ್ಟ್ರು ಕೇಳಿದ ಪ್ರಶ್ನೆಗೆ ವಿದ್ಯಾರ್ಥಿ, ಡಾಕ್ಟರಿಗೆ ರೋಗಿ, ಗಿರಾಕಿಗೆ ಟಿಕೆಟ್ ಕೊಡುವವರು ಬೊ ಎಂದರೆ ಉಡಾಫೆ. ‘ತೂ’, ‘ಲೇಯಿ’ ಎಂದು ನೀನು ಮತ್ತು ನೀವು ಬೇರೆಮಾಡುವ ಭಾಷೆ ಅದು. ಯಾರನ್ನು ನೀವು ಎನ್ನುತ್ತೀರೋ ಅವರೆದುರು ಬೊ ಎನ್ನದಿರುವುದು ಲೇಸು. ಪಠ್ಯಪುಸ್ತಕಗಳಲ್ಲಿ ಇದು ಕಾಣುವುದು ಅಪರೂಪ, ಏಕೆಂದರೆ ಪಠ್ಯದ ಪಾತ್ರಗಳು ಸಭ್ಯರು.

ಕೊನೆಯದಾಗಿ ‘ಮೀಕ’ದ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಲ್ಯಾಟಿನ್‌ನಲ್ಲಿ ಈ ಪದಕ್ಕೆ ತುಣುಕು, ರೊಟ್ಟಿಯ ಪುಡಿ ಎಂದು ಅರ್ಥ. ಮಿಲಾನಿನ ಜನ ಬೆಳಗ್ಗೆ ತಿನ್ನುವ ‘ಮಿಕೆತ್ತ’ ಬನ್ನಿನ ಹೆಸರು ಇದೇ ಕುಟುಂಬದ್ದು. ‘ಒಂದು ಪುಡಿಯೂ ತಿಂದಿಲ್ಲ’ ಎಂಬಂಥ ಮಾತಿನಿಂದ ಮೀಕ ನಿಷೇಧಕ್ಕೆ ಒತ್ತು ಕೊಡುವ ಪದವಾಯಿತು. ನಿಘಂಟು ಅದನ್ನು ‘ಖಂಡಿತ ಇಲ್ಲ’ ಎನ್ನುತ್ತದೆ. ಭಾಷಾವಿಜ್ಞಾನಿ ಗುಲ್ಯೆಲ್ಮೊ ಚಿಂಕ್ವೆ 1976ರ ಲೇಖನದಲ್ಲಿ ಅದರ ನಿಜವಾದ ಕೆಲಸ ಬೇರೆ ಎಂದು ತೋರಿಸಿದರು. ‘ನೊನ್ ಫಾ ಫ್ರೆದ್ದೊ’ ಎಂದರೆ ಚಳಿ ಇಲ್ಲ. ನಡುವೆ ಮೀಕ ಸೇರಿಸಿ ‘ನೊನ್ ಫಾ ಮೀಕ ಫ್ರೆದ್ದೊ’ ಎಂದರೆ, ಚಳಿ ಇದೆ ಎಂದು ಯಾರೋ ಅಂದುಕೊಂಡಿದ್ದಾರೆ, ಅದು ನಿಜವಲ್ಲ. ಸ್ವೆಟರ್ ಹಿಡಿದು ಬಂದ ಅಜ್ಜಿಗೆ ಮೊಮ್ಮಗ ಹೇಳುವುದು ಎರಡನೆಯದನ್ನು: ‘ಚಳಿಯೇನಿಲ್ಲ ಬಿಡಜ್ಜಿ.’ ಹವಾಮಾನ ವರದಿ ಓದುವವರು ಮೀಕ ಸೇರಿಸಿದರೆ, ಚಳಿ ಇದೆ ಎಂದವರು ಯಾರು ಎಂದು ಕೇಳುಗರು ತಬ್ಬಿಬ್ಬಾಗುತ್ತಾರೆ. ಎದುರಿಗಿರುವವರ ಮನಸ್ಸಿನ ನಿರೀಕ್ಷೆಗೆ ಕೊಡುವ ಉತ್ತರ ಇದು. ಆ ನಿರೀಕ್ಷೆಯನ್ನು ಯಾವ ನಿಘಂಟೂ ಮುದ್ರಿಸಲಾರದು.

ಇಟಲಿಯ ಕತೆ, ಕಾದಂಬರಿ ಇಂಗ್ಲಿಷ್ ದಾಟಿಕೊಂಡು ಕನ್ನಡಕ್ಕೆ ಬಂದಾಗ ಈ ಪದಗಳೇ ಮೊದಲು ಉದುರುತ್ತವೆ. ಇಂಗ್ಲಿಷ್ ಅನುವಾದಕರು ಮಗಾರಿಯನ್ನು ಒಂದು ಕಡೆ ಬಹುಶಃ, ಇನ್ನೊಂದು ಕಡೆ ನನ್ನಾಸೆ, ಮತ್ತೊಂದು ಕಡೆ ಕೂಡ ಎಂದು ಒಡೆದು ಕೊಟ್ಟಿರುತ್ತಾರೆ. ಅವರಿಗೆ ಬೇರೆ ದಾರಿಯಿಲ್ಲ. ಕನ್ನಡದಲ್ಲಿ ಕೂತವರಿಗೆ ಅಲ್ಲೊಂದೇ ಪದವಿತ್ತು ಎಂಬುದೇ ತಿಳಿಯದೆ, ‘ಬಹುಶಃ ಮಳೆ ಬರಬಹುದು’ ಎಂದು ಬರೆದು ಮುಗಿಸುತ್ತಾರೆ. ‘ಬರಬಾರದೇ’, ‘ಬಂದೀತು’, ‘ಆ ಭಾಗ್ಯ ಎಲ್ಲಿ’, ‘ಏನೋಪ್ಪ’, ‘ಚಳಿಯೇನಿಲ್ಲ’ ಎಂಬ ಮಾತುಗಳು ಕನ್ನಡದಲ್ಲಿ ಸಿದ್ಧವಾಗಿದ್ದೂ ಕೆಲಸಕ್ಕೆ ಬಾರದೆ ಹೋಗುತ್ತವೆ. ಇಟಾಲಿಯನ್ ಅನ್ನು ನೇರವಾಗಿ ಕಲಿತು ಅನುವಾದಿಸುವ ಕೆಲವರಾದರೂ ನಮ್ಮಲ್ಲಿ ಬೇಕು ಎಂದು ನಾನು ಹೇಳುವುದು ಇದಕ್ಕೇ.

ಕಲಿಯಲು ಹೊರಟವರಿಗೆ ಒಂದು ಮಾತು. ಇಟಲಿಯ ತ್ರೆಕ್ಕಾನಿ ಸಂಸ್ಥೆಯ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಮಗಾರಿಯನ್ನು ತೆಗೆದು, ಅರ್ಥದ ಸಾಲುಗಳನ್ನು ಸದ್ಯಕ್ಕೆ ಬಿಟ್ಟು, ಉದಾಹರಣೆಯ ವಾಕ್ಯಗಳನ್ನಷ್ಟೇ ಗಟ್ಟಿಯಾಗಿ ಓದಿ. ಪ್ರತಿ ವಾಕ್ಯಕ್ಕೂ ಅದರ ಹಿಂದೆ ಯಾವ ಪ್ರಶ್ನೆ ಬಂದಿರಬಹುದು ಎಂದು ನೀವೇ ಕನ್ನಡದಲ್ಲಿ ಬರೆದುಕೊಳ್ಳಿ.